ಹದಿಮೂರು ಡಿಗ್ರಿಯ ಜುಲೈ

ಒಣ ಸಿಗಡಿಯ ತಲೆ, ಬಾಲ ಮುರಿಯುತ್ತಾ ಹಿಂದಿನ ಜಗಲಿಯಲ್ಲಿ ಕೂತಿದ್ದೆ. ಮೊರದಲ್ಲಿ ಅರ್ಧ ಮುಗಿದಿತ್ತು. ಬೆರಳಿನ ತುದಿ ಉರಿಯುತ್ತಿತ್ತು, ಆದರೂ ಆ ಸಲದ ಸಿಗಡಿಯಲ್ಲಿ ಮರಳಿರಲಿಲ್ಲ ಎನ್ನುವುದೇ ಒಂದು ಸಮಾಧಾನ. ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆಯಿಂದ ಮುಖ ತೋರಿಸಿದರು. ಅವರ ಮಗಳೂ ನನ್ನ ಮಗಳೂ ಒಂಬತ್ತನೇ ಕ್ಲಾಸಿನಲ್ಲಿ ಒಂದೇ ಬೆಂಚು.

"ಹ್ವಾಯ್, ಕೇಂಡ್ರ್ಯಾ? ವರ್ಕ್‌ಶೀಟ್ ವಾಪಸ್ ಕೊಟ್ರ್ ಅಂಬ್ರ್. ನಮ್ ಹೆಣ್ಣಿಗೆ ಹತ್ತಕ್ಕೆ ಎರಡ್."

"ಯಾವ ವರ್ಕ್‌ಶೀಟ್ ಅಕ್ಕ?"

"ಭೂಗೋಳದ್ದ್. ಮಳೆ, ಬಿಸಿ ಎಲ್ಲ ಚಿತ್ರ ಬರ್ದದ್ದ್ ಇತ್ತಲೆ. ನೀವ್ ಉತ್ರ ಕಳ್ಸಿದ್ರಿ, ಅದೇ."

ಕೊನೆಯ ಮಾತನ್ನು ಅವರು ಮೆಲ್ಲಗೇ ಹೇಳಿದರು. ಆದರೆ ಮೆಲ್ಲಗೆ ಹೇಳಿದ ಮಾತು ಹೆಚ್ಚು ದೂರ ಹೋಗುತ್ತದೆ. ನನ್ನ ಕೈಯಲ್ಲಿದ್ದ ಸಿಗಡಿಯ ತಲೆ ತಿನ್ನುವ ಪಾತ್ರೆಗೂ ದೇಹ ಕಸಕ್ಕೂ ಹೋಯಿತು.

ನಡೆದದ್ದು ಇಷ್ಟು. ವಾರದ ಹಿಂದೆ ಮಗಳು ಶಾಲೆಯಿಂದ ಒಂದು ವರ್ಕ್‌ಶೀಟ್ ತಂದಿದ್ದಳು. ಅದರಲ್ಲಿ ಮೂರು ಊರುಗಳ ಚಿತ್ರ. ಊರಿನ ಹೆಸರು ಕೊಟ್ಟಿರಲಿಲ್ಲ, ಒಂದು, ಎರಡು, ಮೂರು ಅಂತ ಮಾತ್ರ. ಪ್ರತಿ ಚಿತ್ರದಲ್ಲೂ ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ಕಂಬ, ಅದು ಮಳೆ. ಕಂಬಗಳ ಮೇಲೆ ಹಾವಿನಂತೆ ಒಂದು ಗೆರೆ, ಅದು ಬಿಸಿ. ಕೆಳಗೆ ತಿಂಗಳು ತಿಂಗಳಿನ ಅಂಕಿ. ಇದನ್ನು ನೋಡಿ ಯಾವ ಊರಿನದು ಯಾವ ಹವಾಮಾನ ಎಂದು ಹೇಳಬೇಕು, ಕಾರಣವನ್ನೂ ಬರೆಯಬೇಕು. ನಾಲ್ಕು ಹೆಸರು ಕೊಟ್ಟಿದ್ದರು. ಸಮಭಾಜಕ, ಮಾನ್ಸೂನ್, ಮರುಭೂಮಿ, ಮೆಡಿಟರೇನಿಯನ್. ಮೂರನ್ನು ಆರಿಸಿ ಒಂದನ್ನು ಬಿಡಬೇಕು.

ಮೊದಲನೆಯದು ಮರುಭೂಮಿ. ಕಂಬಗಳೇ ಇರಲಿಲ್ಲ, ಹೊಗಳಿಕೊಳ್ಳುವಂಥದ್ದೇನೂ ಇಲ್ಲ.

ಎರಡನೆಯದರಲ್ಲೂ ಮೂರನೆಯದರಲ್ಲೂ ನಡುವಿನ ಕಂಬಗಳು ಗುಡ್ಡದಂತೆ. ಎರಡರಲ್ಲೂ ಜೂನ್, ಜುಲೈ, ಆಗಸ್ಟ್ ಎತ್ತರ, ಆಚೀಚೆ ಕುಳ್ಳು. ಮಗಳು ಪೆನ್ಸಿಲ್ ಕಚ್ಚುತ್ತಾ ಕೂತಿದ್ದಳು. ನಾನು ಸಂಜೆಯ ದೀಪ ಹಚ್ಚಿ ಬಂದವಳು, ಮನಸ್ಸು ಸ್ವಚ್ಛವಾಗಿತ್ತು, ಬುದ್ಧಿಯೂ ಸ್ವಚ್ಛವಾಗಿದೆ ಎಂದು ಭ್ರಮಿಸಿದೆ.

"ಇದ್ರಗೆ ಎಂತ ಇತ್ತ್ ಆಲೋಚ್ನೆ ಮಾಡುಕೆ?" ಎಂದೆ. "ಎರಡನೇದ್ ಕಾಣ್. ಜುಲೈಗೆ ಸಾವಿರದೈವತ್ತ್ ಅಂತ ಬರ್ದಿರ್. ಅಷ್ಟ್ ಮಳೆ ಬಂದ್ರೆ ಮನ್ಷ್ಯರ್ ಬದ್ಕುಕೆ ಆತ್ತಾ? ಅದ್ ಯಾವ್ದೋ ಕಾಡ್. ಸಮಭಾಜಕ ಅಂತ ಬರಿ."

"ಮೂರನೇದ್?"

"ಅದ್ ನಮ್ದ್. ಜೂನಿಗೆ ಮಳೆ ಶುರು, ನೂರೆಪ್ಪತ್ತ್. ಅದ್ ಸಮ. ಗೆರೆ ಕಾಣ್, ಮಳೆಗಾಲದಗೆ ಕೆಳ್ಗ್ ಇಳ್ದಿತ್ತ್. ನಮ್ಗೂ ಆಗ ಚಳಿ ಅಲ್ದಾ, ಕಂಬಳಿ ತೆಗುದಿಲ್ಯಾ? ಎರಡನೇದ್ರಗೆ ಗೆರೆ ಚಾಪೆ ಹಾಸ್ದಂಗೆ ಇತ್ತ್. ನಮ್ಮೂರ್ ಹಂಗಾ? ಮೇ ತಿಂಗ್ಳಲ್ಲಿ ಬೆಂದ್ ಹೋತ್ತ್."

ಮಗಳು ಸ್ವಲ್ಪ ಹೊತ್ತು ಅಂಕಿಗಳನ್ನು ನೋಡಿದಳು. "ಅಮ್ಮ, ಜುಲೈಗೆ ಹದಿಮೂರ್ ಡಿಗ್ರಿ ಅಂತ ಇತ್ತ್."

"ಫ್ಯಾನ್ ಹಾಕಿರೆ ಅಷ್ಟೇ ಇಪ್ದ್."

ಅವಳು ಬರೆದಳು. ಕಾರಣದ ಜಾಗದಲ್ಲಿ ನಾನೇ ಹೇಳಿಕೊಟ್ಟದ್ದು: ಇದು ನಮ್ಮ ಊರಿನ ಹಾಗೆ ಇದೆ.

ಅಲ್ಲಿಗೆ ನಿಂತಿದ್ದರೆ ದೇವರು ಒಬ್ಬಳ ತಪ್ಪನ್ನು ಒಬ್ಬಳಿಗೆ ಲೆಕ್ಕ ಹಾಕುತ್ತಿದ್ದ. ನಾನು ಅದರ ಫೋಟೋ ತೆಗೆದು ಅಮ್ಮಂದಿರ ಗುಂಪಿಗೆ ಹಾಕಿದೆ. ಯಾರಿಗಾದರೂ ಬೇಕಾದರೆ ಇರಲಿ ಎಂದು ಬರೆದೆ. ಕೈಮುಗಿದ ಚಿತ್ರಗಳು ಮಳೆಯಂತೆ ಸುರಿದವು. ಅನ್ನದಾನ ಮಾಡಿದಷ್ಟು ಸುಖವಾಗಿ ಅಂದು ಮಲಗಿದೆ.

ಕ್ಲಾಸಿನಲ್ಲಿ ಮೂವತ್ತನಾಲ್ಕು ಮಕ್ಕಳು. ಮೂವತ್ತೊಂದು ಮಕ್ಕಳ ಹಾಳೆಯಲ್ಲಿ ಒಂದೇ ಉತ್ತರ, ಒಂದೇ ತಪ್ಪು, ಒಂದೇ ಕಾರಣ: ಇದು ನಮ್ಮ ಊರಿನ ಹಾಗೆ ಇದೆ. ಉಳಿದ ಮೂವರಲ್ಲಿ ಇಬ್ಬರು ಜ್ವರದಿಂದ ಶಾಲೆಗೇ ಹೋಗಿರಲಿಲ್ಲ. ಇನ್ನೊಬ್ಬಳ ಅಮ್ಮನ ಫೋನು ಆ ದಿನ ಬಾವಿಗೆ ಬಿದ್ದಿತ್ತು. ಅವಳಿಗೆ ಹತ್ತಕ್ಕೆ ಒಂಬತ್ತು.

ಅಕ್ಕ ಹೋದ ಅರ್ಧ ಗಂಟೆಯೊಳಗೆ ಕ್ಲಾಸಿನ ಪಾಲಕರ ಗುಂಪಿಗೆ ಬೆಂಕಿ ಬಿತ್ತು. ಪಾಲಕರ ಸಮಿತಿಯ ಅಧ್ಯಕ್ಷರು ಮುಂಬೈಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿ ಊರಿಗೆ ಬಂದವರು, ನಮ್ಮೆಲ್ಲರಿಗೂ ಅಣ್ಣ. ಅವರು ಬರೆದರು: ಜೂನಲ್ಲಿ ಮಳೆ ಬಂದರೆ ಅದು ಮಾನ್ಸೂನ್. ಇದಕ್ಕೂ ಪ್ರೂಫ್ ಬೇಕಾ? ಬೇಕಾದರೆ ಇರಲಿ ಎಂದು, ಜುಲೈಯಲ್ಲಿ ತೆಕ್ಕಟ್ಟೆಯ ಹೈವೇ ಬದಿಯಲ್ಲಿ ಕೊಡೆ ಹಿಡಿದು ನಿಂತ ತಮ್ಮದೇ ಫೋಟೋ ಹಾಕಿದರು. ಇನ್ನೊಬ್ಬರು ಪಂಚಾಂಗದ ಪುಟ ಹಾಕಿ, ಆರಿದ್ರಾ ಮಳೆ ಎಲ್ಲಿ ಬರೆದಿದೆಯೋ ಅಲ್ಲಿ ಕೆಂಪು ಗೀಟು ಎಳೆದರು. ಮತ್ತೊಬ್ಬರು, ಘಟ್ಟದ ಮೇಲಿನಿಂದ ಬಂದವರಿಗೆ ನಮ್ಮ ಮಳೆ ಏನು ಗೊತ್ತು ಎಂದರು. ಅದಕ್ಕೆ ಹದಿನೆಂಟು ಹೆಬ್ಬೆರಳು. ಹತ್ತೊಂಬತ್ತನೆಯದು ನನ್ನದು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಬಿಟ್ಟರೆ ದೇವರ ಮುಂದೆ ಎರಡು ಸಲ ತಪ್ಪಾಗುತ್ತದೆ.

ಘಟ್ಟದ ಮೇಲಿನಿಂದ ಬಂದವರು ಎಂದರೆ ಭೂಗೋಳದ ಮೇಡಂ. ಜೂನ್‌ನಲ್ಲಿ ಸೇರಿದವರು, ಇಪ್ಪತ್ತಾರು ಇಪ್ಪತ್ತೇಳರ ಪ್ರಾಯ. ಕುಂದಾಪುರದಲ್ಲಿ ಒಂದು ಕೋಣೆ ಹಿಡಿದು ತಾಯಿಯನ್ನು ಜೊತೆಗೆ ಇಟ್ಟುಕೊಂಡಿದ್ದರು. ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದರು. ಕೆಲಸ ಮಾರ್ಚ್‌ವರೆಗೆ ಮಾತ್ರ, ಅದೂ ಶಾಲೆಯವರಿಗೆ ಬೇಕಾದರೆ. ಗುಂಪು ಅದೇ ಸಂಜೆ ನಿರ್ಧಾರಕ್ಕೆ ಬಂತು: ಮೇಡಂ ಪ್ರಶ್ನೆ ತಪ್ಪು ಎಂದು ಬರೆದುಕೊಡಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಮುಂಚೆ ಬೇರೆಯವರನ್ನು ತರಬೇಕು. ಶನಿವಾರ ಸಭೆ.

ಆ ದಿನ ಹಾಳೆಯ ಸುದ್ದಿಯನ್ನೇ ಎತ್ತದಿದ್ದ ಮಗಳು ಮರುದಿನ ಶಾಲೆಯಿಂದ ಬಂದವಳು ಬ್ಯಾಗ್ ಇಳಿಸಿದ ಕೂಡಲೇ ವರ್ಕ್‌ಶೀಟ್ ತೆಗೆದು ನನ್ನ ಮುಂದೆ ಇಟ್ಟಳು. ನಾನು ಚಾ ಸೋಸುತ್ತಿದ್ದೆ.

"ಮೇಡಂ ಬೈದ್ರಾ?"

"ಇಲ್ಲೆ. ನಿನ್ನೆ ಕೊಡುಕ್ ಮುಂಚೆ ಮೂವತ್ತೊಂದ್ ಹಾಳೆ ಒಟ್ಟಿಗೆ ಮೇಜಿನ್ ಮೇಲೆ ಇಟ್ರ್. ನಿಮ್ಮಲ್ಲಿ ಯಾರಾದ್ರೂ ಹನ್ನೆರಡು ತಿಂಗಳ ಮಳೆ ಕೂಡಿಸಿದ್ರಾ ಅಂತ ಕೇಂಡ್ರ್. ಒಂಬತ್ತ್ ಸಿಕ್ಕದವ್ಳ್ ಬಿಟ್ರೆ ಯಾರೂ ಕೈ ಎತ್ತಲಿಲ್ಲೆ."

"ಕೂಡ್ಸಿರೆ ಎಂತ ಆತಿತ್ತ್?"

"ನೀನೇ ಕೂಡ್ಸ್."

ಕೂಡಿಸಿದೆ. ಹಾಲು, ಮೊಸರು, ದಿನಸಿ ಎಲ್ಲದರ ಲೆಕ್ಕ ಬಾಯಲ್ಲೇ ಮಾಡುವವಳು ನಾನು. ಎರಡನೆಯ ಊರಿಗೆ ಮೂರು ಸಾವಿರದೈನೂರು ಮಿಲಿಮೀಟರ್ ದಾಟಿತು. ಮೂರನೆಯದಕ್ಕೆ ಎಂಟುನೂರರ ಹತ್ತಿರ.

"ಮೂರೂವರೆ ಸಾವ್ರ ಅಂದ್ರೆ ಮೂರೂವರೆ ಮೀಟರ್," ಎಂದಳು ಮಗಳು. "ಒಂದ್ ವರ್ಷದ್ ಮಳೆ ಎಲ್ಲೂ ಹರ್ದ್ ಹೋಗ್ದೆ ನಿಂತ್ರೆ ನಮ್ ಅಡ್ಗಿಮನಿ ತಾರ್ಸಿ ಮುಟ್ಟತ್ತ್. ಅದ್ ನಮ್ಮ ಕರಾವಳಿ ಅಮ್ಮ. ನೀನ್ ಮನ್ಷ್ಯರ್ ಬದ್ಕುಕೆ ಆಪುದಿಲ್ಲೆ ಅಂದದ್ದ್ ನಮ್ಮೂರನ್ನೇ."

ನಾನು ತಾರಸಿಯನ್ನು ನೋಡಿದೆ. ನಲವತ್ತೆರಡು ವರ್ಷ ಇದೇ ಮಳೆಯಲ್ಲಿ ನೆಂದಿದ್ದೇನೆ. ಕಡಲ ಬದಿಯ ಕೋಡಿ ಊರಲ್ಲಿ ಹುಟ್ಟಿ ತೆಕ್ಕಟ್ಟೆಗೆ ಮದುವೆಯಾಗಿ ಬಂದವಳು, ಎರಡು ಕಡೆಯೂ ಆಕಾಶ ಸೋರುವುದನ್ನೇ ಕಂಡವಳು. ಅಂಕಿಯಲ್ಲಿ ಕಂಡಾಗ ಮಾತ್ರ ಗುರುತು ಸಿಗಲಿಲ್ಲ. ನಮ್ಮ ಮಳೆಯನ್ನು ಯಾರೂ ಮಿಲಿಮೀಟರಿನಲ್ಲಿ ಪರಿಚಯಿಸಿರಲಿಲ್ಲ.

"ಹಂಗಾರೆ ಸಮಭಾಜಕ ಎಂತಕ್ ಅಲ್ಲ?"

"ಜನವರಿ, ಫೆಬ್ರವರಿ, ಮಾರ್ಚ್ ಕಾಣ್. ಒಂದ್, ಒಂದ್, ಮೂರ್. ಮಳೆಯೇ ಇಲ್ಲೆ. ಸಮಭಾಜಕದಗೆ ಎಲ್ಲ ತಿಂಗ್ಳೂ ಮಳೆ ಬತ್ತ್."

ಅದು ಸರಿ. ಏಪ್ರಿಲ್ ಬಂತೆಂದರೆ ಬಾವಿಯ ಹಗ್ಗಕ್ಕೆ ಇನ್ನೊಂದು ಹಗ್ಗ ಕಟ್ಟುವವಳು ನಾನೇ. ಆ ಮೂರು ತಿಂಗಳ ಕುಳ್ಳು ಕಂಬಗಳನ್ನು ನಾನು ನೋಡಿಯೇ ಇರಲಿಲ್ಲ. ಗೆರೆ ಚಾಪೆಯಂತೆ ಇದ್ದದ್ದೂ ಸುಳ್ಳಲ್ಲವಂತೆ. ಮೇ ತಿಂಗಳು ಇಪ್ಪತ್ತೊಂಬತ್ತು, ಜುಲೈ ಇಪ್ಪತ್ತಾರು, ಹಗಲು ರಾತ್ರಿ ಸೇರಿಸಿದ ಸರಾಸರಿ. ಪಕ್ಕದಲ್ಲಿ ಸಮುದ್ರ ಇರುವುದರಿಂದ ಮೂರೇ ಡಿಗ್ರಿ ವ್ಯತ್ಯಾಸ. ನಾನು ಕಂಬಳಿ ತೆಗೆಯುವುದು ಆ ಮೂರು ಡಿಗ್ರಿಗೆ.

"ಮೂರನೇದ್ರಗೆ ಜನವರಿ ಇಪ್ಪತ್ನಾಲ್ಕ್, ಜುಲೈ ಹದಿಮೂರ್," ಮಗಳು ಬೆರಳಿಟ್ಟು ತೋರಿಸಿದಳು. "ಜನವರಿ ಬಿಸಿ, ಜುಲೈ ಚಳಿ ಅಂದ್ರೆ ಅದ್ ಭೂಮಿಯ ಕೆಳ್ಗಿನ್ ಅರ್ಧ. ಅಲ್ಲಿ ಜುಲೈ ಅಂದ್ರೆ ಚಳಿಗಾಲ. ಚಳಿಗಾಲದಗೆ ಮಳೆ, ಬೇಸಗೆ ಒಣ. ಅದಕ್ಕೇ ಮೆಡಿಟರೇನಿಯನ್. ಮೊದ್ಲ್ ಗೆರೆ ಕಾಣ್ಕ್, ಆಮೇಲೆ ಕಂಬ ಅಂತ ಮೇಡಂ ಎಷ್ಟ್ ಸಲ ಹೇಳಿರ್."

"ನಂಗ್ ಎಂತಕ್ ಹೇಳ್ಲಿಲ್ಲೆ ನೀನ್?"

"ಹೇಳ್ದೆ. ನೀನ್ ಫ್ಯಾನ್ ಅಂದೆ."

ಆ ಹೊತ್ತಿಗೆ ನನ್ನ ಯಜಮಾನರು ಬಂದರು. ಅವರದು ಮೀನು ಸಾಗಿಸುವ ಗಾಡಿ, ಐಸಿನ ಜೊತೆಗೇ ಬದುಕು. ಎಲ್ಲವನ್ನೂ ಕೇಳಿ ಬನಿಯನ್ ಬಿಚ್ಚುತ್ತಾ ಹೇಳಿದರು, "ಜುಲೈಗೆ ಹದಿಮೂರ್ ಡಿಗ್ರಿ ಆದ್ರೆ ನಂಗ್ ಐಸ್ ಅರ್ಧ ಸಾಕಾತಿತ್ತ್. ದೇವ್ರಿಗೆ ಹರ್ಕಿ ಹೇಳ್." ಆಮೇಲೆ ಸ್ನಾನಕ್ಕೆ ಹೋದರು. ನಮ್ಮ ಮನೆಯಲ್ಲಿ ಸಮಾಧಾನದ ಮಾತು ಹೀಗೇ ಬರುವುದು.

ಶನಿವಾರದವರೆಗೆ ಎರಡು ದಿನ ಇತ್ತು. ಗಣಪತಿಯ ಮುಂದೆ ನಿಂತು, ಸಭೆ ಹೇಗಾದರೂ ಮುಂದೆ ಹೋಗಲಿ ಎಂದು ಕೇಳಿಕೊಂಡೆ. ಹೋಗಲಿಲ್ಲ. ಆಮೇಲೆ ಬೇರೆ ಯಾರಾದರೂ ಲೆಕ್ಕ ಕೂಡಿಸಿ ಹೇಳಲಿ ಎಂದು ಕೇಳಿಕೊಂಡೆ. ಗುಂಪಿನಲ್ಲಿ ನಲವತ್ತು ಜನ, ಕೂಡಿಸಿದವರು ಯಾರೂ ಕಾಣಲಿಲ್ಲ. ನಾನೇ ಬರೆಯೋಣವೆಂದು ಮೂರು ಸಲ ಫೋನ್ ಹಿಡಿದೆ. ಬರೆದರೆ ಮಕ್ಕಳ ಉತ್ತರ ಎಲ್ಲಿಂದ ಬಂತು ಎನ್ನುವುದನ್ನೂ ಬರೆಯಬೇಕು. ಮೂರು ಸಲವೂ ಫೋನ್ ಕೆಳಗಿಟ್ಟೆ.

ಸಭೆ ಶಾಲೆಯ ಆಫೀಸಿನಲ್ಲಿ. ಅಲ್ಲಿನ ಎಸಿ ಅಧ್ಯಕ್ಷರದೇ ಕೊಡುಗೆ, ಅದರ ಕೆಳಗೆ ಅವರ ಹೆಸರಿನ ಫಲಕವೂ ಇತ್ತು. ಫಲಕ ಯಾವಾಗಲೂ ಚಾಲೂ, ಎಸಿ ಅಧ್ಯಕ್ಷರು ಬಂದಾಗ ಮಾತ್ರ. ನಾವು ಇಪ್ಪತ್ತೇಳು ಮಂದಿ ಪಾಲಕರು. ಹೆಡ್ ಮೇಡಂ ನಡುವಿನ ಕುರ್ಚಿಯಲ್ಲಿ, ಭೂಗೋಳದ ಮೇಡಂ ಬಾಗಿಲ ಪಕ್ಕದಲ್ಲಿ ನಿಂತಿದ್ದರು. ಅವರಿಗೆ ಕುರ್ಚಿ ಹಾಕುವುದು ಯಾರಿಗೂ ನೆನಪಾಗಿರಲಿಲ್ಲ. ಮೇಜಿನ ಮೇಲೆ ಟೈಪ್ ಮಾಡಿದ ಕಾಗದ, ಪಕ್ಕದಲ್ಲಿ ಪೆನ್ನು. ಪ್ರಶ್ನೆ ತಪ್ಪಾಗಿತ್ತು, ವಿಷಾದಿಸುತ್ತೇನೆ ಎಂದು ಅದರಲ್ಲಿತ್ತು. ಸಹಿ ಮಾತ್ರ ಬಾಕಿ.

ಅಧ್ಯಕ್ಷರು ಶುರು ಮಾಡಿದರು. "ಕಾಣಿ ಮೇಡಂ, ನಮ್ಗೆ ನಿಮ್ ಮೇಲೆ ಸಿಟ್ಟಿಲ್ಲೆ. ಜೂನಲ್ಲಿ ಮಳೆ ಬಪ್ದ್ ಮಳೆಗಾಲವಾ, ಬೇಸಗೆಯಾ? ಅಷ್ಟ್ ಹೇಳಿ ಸಾಕ್."

"ಇಲ್ಲಿ ಮಳೆಗಾಲ ಸರ್," ಎಂದರು ಮೇಡಂ. "ಆದ್ರೆ ಆ ಊರು ಇಲ್ಲಿಲ್ಲ. ಅಲ್ಲಿ ಜೂನ್ ಚಳಿಗಾಲ. ಟೆಂಪರೇಚರ್ ನೋಡಿ..."

"ಚಳಿಗಾಲ ಜೂನಲ್ಲಿ. ಕೇಂಡ್ರ್ಯಾ ಎಲ್ಲರೂ?"

ಎಲ್ಲರೂ ಕೇಳಿದರು, ಕೆಲವರು ನಕ್ಕರು. ಪಂಚಾಂಗದವರು ಪಂಚಾಂಗವನ್ನೇ ತಂದಿದ್ದರು. ಹೆಡ್ ಮೇಡಂ ಪಾಲಕರ ಭಾವನೆ, ಊರಿನ ಭಾವನೆ ಎಂದೆಲ್ಲ ಹೇಳಿ ಎರಡು ಕಡೆಗೂ ಒಂದೊಂದು ಸಲ ತಲೆಯಾಡಿಸಿದರು. ಆಗ ಯಾರೋ, ಕೈ ಎತ್ತಿ ತೀರ್ಮಾನ ಮಾಡುವ ಎಂದರು. ಮೂರನೆಯ ಊರಿನ ಹವಾಮಾನ ಮಾನ್ಸೂನ್ ಎನ್ನುವವರು ಕೈ ಎತ್ತಿ. ಭೂಮಿಯ ಕೆಳಗಿನ ಅರ್ಧದಲ್ಲಿ ಎಲ್ಲೋ ಚಳಿಯಲ್ಲಿ ನೆನೆಯುತ್ತಿದ್ದ ಆ ಊರಿನ ಹಣೆಬರಹ ನಮ್ಮ ತಾಲೂಕಿನಲ್ಲಿ ಬಹುಮತದಿಂದ ಬದಲಾಗುವುದಿತ್ತು. ಇಪ್ಪತ್ತಾರು ಕೈ ಮೇಲೆ ಹೋದವು. ಪಕ್ಕದ ಮನೆಯ ಅಕ್ಕ ಒಂದು ಕೈ ಎತ್ತಿ ಇನ್ನೊಂದರಿಂದ ನನ್ನನ್ನು ತಿವಿದರು.

"ಎಂತ, ಕೈ ನೋಯ್ತಾ?"

ಮೇಡಂ ಕೈಗಳ ಲೆಕ್ಕ ನೋಡುತ್ತಿರಲಿಲ್ಲ. ಮೇಜಿನ ಮೇಲಿನ ಪೆನ್ನನ್ನು ನೋಡುತ್ತಿದ್ದರು. ಹೆಡ್ ಮೇಡಂ ಆ ಪೆನ್ನನ್ನು ಎರಡು ಬೆರಳು ಅವರ ಕಡೆಗೆ ಸರಿಸಿದರು. ನಾನು ಎದ್ದು ನಿಂತದ್ದು ಧೈರ್ಯದಿಂದ ಅಲ್ಲ, ಕೂತಿರಲು ಆಗದೆ.

"ಅಣ್ಣ, ಆ ಎಸಿ ರಿಮೋಟ್ ಒಂಚೂರ್ ಕೊಡಿ," ಎಂದೆ.

ಚಳಿಯಾಗುತ್ತಿದೆ ಎಂದು ತಿಳಿದು ಅವರು ಕೊಟ್ಟರು. ನಾನು ಕೆಳಗಿಳಿಸುವ ಗುಂಡಿ ಒತ್ತಿದೆ. ಇಪ್ಪತ್ತನಾಲ್ಕು, ಇಪ್ಪತ್ತು, ಹದಿನೆಂಟು, ಹದಿನಾರು. ಅಲ್ಲಿಗೆ ನಿಂತಿತು. ಮತ್ತೆ ಒತ್ತಿದೆ. ಹದಿನಾರು.

"ಇದ್ ಹದಿಮೂರ್ ಎಂತಕ್ ತೋರ್ಸುದಿಲ್ಲೆ ಅಣ್ಣ?"

"ಹದಿನಾರಕ್ಕಿಂತ ಕೆಳ್ಗ್ ಹೋಪುದಿಲ್ಲೆ ಅದ್. ಅಷ್ಟ್ ಚಳಿ ಯಾರಿಗ್ ಬೇಕ್?"

"ಮೂರನೇ ಊರಿನ್ ಜುಲೈ ಹದಿಮೂರ್ ಇತ್ತ್. ಹಗಲೂ ರಾತ್ರಿಯೂ ಸೇರ್ಸಿ, ಇಡೀ ತಿಂಗ್ಳ್. ನೀವ್ ಕೊಡೆ ಹಿಡ್ಕಂಡ್ ಹೈವೇಲಿ ನಿಂತದ್ದ್ ಈ ಮೆಷಿನ್ನಿಗೂ ಆಗ್ದ ಚಳಿಲಾ?"

ಅವರು ರಿಮೋಟನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದರು, ನಂತರ ಮೇಲೆ ಎಸಿಯನ್ನು ನೋಡಿದರು. ಗಾಳಿ ನೇರ ಅವರ ತಲೆಯ ಮೇಲೇ ಬೀಸುತ್ತಿತ್ತು, ಶಾಲು ಎಳೆದುಕೊಂಡರು. ಎತ್ತಿದ ಕೈಗಳು ಒಂದೊಂದಾಗಿ ಮಡಿಲಿಗೆ ಇಳಿದವು, ಕೆಲವು ದಾರಿಯಲ್ಲಿ ತಲೆ ತುರಿಸಿದವು.

"ಅಲ್ಲ, ನಿಮ್ ಮಗ್ಳೂ ಅದೇ ಬರ್ದದ್ದ್," ಎಂದರು ಅಧ್ಯಕ್ಷರು.

"ಅವಳ್ ಬರ್ದದ್ದಲ್ಲ. ನಾನ್ ಬರ್ಸದ್ದ್. ಆಮೇಲೆ ಫೋಟೋ ತೆಗ್ದ್ ನಿಮ್ಗೆಲ್ಲ ಕಳ್ಸದ್ದೂ ನಾನೇ. ಮೂವತ್ತೊಂದ್ ಮಕ್ಳ್ ಬರ್ದದ್ದ್ ನನ್ ತಪ್ಪನ್ನೇ. ಮೇಡಂ ಪ್ರಶ್ನೆ ಸರಿ ಇತ್ತ್. ಹನ್ನೆರಡ್ ಅಂಕಿ ಕೂಡ್ಸಿ ಕಾಣಿ, ಎರಡನೇ ಊರೇ ನಮ್ದ್."

ಪಂಚಾಂಗದವರು ಫೋನ್ ತೆಗೆದು ಕೂಡಿಸತೊಡಗಿದರು. ಮುಗಿದಾಗ ಪಂಚಾಂಗವನ್ನು ಚೀಲದೊಳಗೆ ಹಾಕಿದರು. ನನ್ನ ಹಿಂದಿನ ಸಾಲಿನಲ್ಲಿ ಒಬ್ಬರು, "ಉತ್ರ ಗೊತ್ತಿಲ್ದಿರೆ ಕಳ್ಸುದ್ ಎಂತಕೆ?" ಎಂದರು. ಅವರ ಮಗಳ ಹಾಳೆಯಲ್ಲಿ ನನ್ನ ಅಕ್ಷರ ತಪ್ಪು ಕೂಡ ಹಾಗೆಯೇ ಇಳಿದಿತ್ತೆಂದು ನನಗೆ ಗೊತ್ತಿತ್ತು.

ಹೆಡ್ ಮೇಡಂ ಕನ್ನಡಕ ಒರೆಸಿಕೊಂಡರು. ಸೋಲು ಗೆಲುವಿನ ಮಾತಿಲ್ಲದೆ ಸಭೆ ಮುಗಿಸುವುದು ಅವರ ವಿದ್ಯೆ. ಈ ಪ್ರಶ್ನೆಯನ್ನೇ ರದ್ದು ಮಾಡಿ ಎಲ್ಲರಿಗೂ ಸಮನಾಗಿ ಎಂಟು ಮಾರ್ಕ್ ಕೊಡಬಹುದಲ್ಲ, ಯಾರಿಗೂ ಬೇಸರ ಬೇಡ ಎಂದರು. ಅರ್ಧ ಸಭೆಗೆ ಮುಖ ಅರಳಿತು.

ಆಗ ಬಾಗಿಲ ಪಕ್ಕದಿಂದ ಮೇಡಂ ಮುಂದೆ ಬಂದರು. ಕಾಗದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ತಮ್ಮ ಪುಸ್ತಕದೊಳಗೆ ಇಟ್ಟರು.

"ಹಾಗೆ ಕೊಟ್ರೆ ಒಂಬತ್ತು ತಗೊಂಡ ಹುಡುಗಿಗೆ ಅನ್ಯಾಯ ಆಗುತ್ತೆ ಮೇಡಂ. ಅವಳು ಕಷ್ಟಪಟ್ಟು ಕೂಡಿಸಿದ್ದಾಳೆ. ಸೋಮವಾರ ಬೇರೆ ಮೂರು ಊರಿನ ಚಿತ್ರ ಕೊಡ್ತೀನಿ. ಕ್ಲಾಸಲ್ಲೇ ಮಾಡಲಿ. ಅದರ ಮಾರ್ಕ್ ಇಟ್ಕೊಳ್ಳೋಣ. ಇದು ಬೇಡ ಅಂದ್ರೆ ನಾನು ಇವತ್ತೇ ಹೋಗ್ತೀನಿ, ಆದ್ರೆ ಆ ಕಾಗದಕ್ಕೆ ಸಹಿ ಮಾಡಲ್ಲ."

ಎಲ್ಲರೂ ಅಧ್ಯಕ್ಷರನ್ನು ನೋಡಿದರು. ಅವರು ರಿಮೋಟನ್ನು ಮೇಜಿನ ಮೇಲಿಟ್ಟರು. "ಹೋಪುದ್ ಎಂತಕೆ," ಎಂದರು. "ಮಕ್ಳಿಗೆ ಪಾಠ ಮಾಡುಕ್ ಬಂದವ್ರ್, ಪಾಠ ಮಾಡಿ. ಮಾರ್ಚ್ ಅಲ್ದಾ, ಆಮೇಲೂ ಕಾಂಬ." ಆಮೇಲೆ, ಇದೆಲ್ಲ ತಮ್ಮದೇ ಯೋಚನೆಯಾಗಿತ್ತೆಂಬಂತೆ, ಅಂಕಿಯನ್ನು ಸರಿಯಾಗಿ ನೋಡುವ ಅಭ್ಯಾಸ ಪಾಲಕರಿಗೂ ಬೇಕು ಎಂದು ಐದು ನಿಮಿಷ ಮಾತಾಡಿದರು. ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ, ಅವರು ಬೇಗ ಮುಗಿಸಲಿ ಎಂದು.

ಹೊರಗೆ ಬಂದಾಗ ಮೇಡಂ ಚಪ್ಪಲಿ ಹಾಕುತ್ತಿದ್ದರು. ನಾನು ಏನೋ ಹೇಳಬೇಕೆಂದು ನಿಂತೆ.

"ಅಕ್ಕ, ನಿಮ್ಮ ಮಗಳು ಮೂರನೇ ಊರಿನ ಪಕ್ಕ ಪೆನ್ಸಿಲಲ್ಲಿ ಹದಿಮೂರರ ಸುತ್ತ ಒಂದು ಗೀಟು ಹಾಕಿದ್ಲು," ಎಂದರು. "ಅಳಿಸಿದ್ದಾಳೆ, ಆದ್ರೂ ಕಾಣುತ್ತೆ. ಅವಳಿಗೆ ಅನುಮಾನ ಬಂದಿತ್ತು."

"ಬಂದಿತ್ತ್ ಮೇಡಂ. ಅಳ್ಸಿದ್ದ್ ನಾನ್."

ಅವರು ನಕ್ಕರು. ಬಸ್ಸು ಬಂತು, ಓಡಿ ಹತ್ತಿದರು. ಅವರಿಗೆ ಆ ದಿನ ಕೂರಲು ಜಾಗ ಸಿಕ್ಕಿದ್ದನ್ನು ಕಿಟಕಿಯಲ್ಲಿ ಕಂಡೆ. ದೇವರು ಕೆಲವೊಮ್ಮೆ ಸಣ್ಣ ಕೆಲಸಗಳನ್ನೂ ಮರೆಯುವುದಿಲ್ಲ.

ಮನೆಗೆ ಬರುವಷ್ಟರಲ್ಲಿ ನನ್ನನ್ನು ಅಮ್ಮಂದಿರ ಗುಂಪಿನಿಂದ ತೆಗೆದಿದ್ದರು. ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆಯಿಂದ, ಬೇಜಾರ್ ಮಾಡ್ಬೇಡಿ, ನಾನ್ ತೆಗ್ದದ್ದಲ್ಲ ಎಂದರು. ನಿಜವಾಗಿ ಬೇಜಾರಿರಲಿಲ್ಲ. ಫೋನು ಮಧ್ಯಾಹ್ನದಿಂದ ಒಂದು ಸಲವೂ ಕುಯ್‌ಗುಡದೆ ಬಿದ್ದಿತ್ತು, ಅದೂ ಒಂದು ಕೃಪೆಯೇ.

ಭಾನುವಾರ ಸಂಜೆ ಮಗಳು ಹಳೆಯ ಪುಸ್ತಕದಿಂದ ಯಾವುದೋ ಊರಿನ ಚಿತ್ರ ತೆಗೆದು ಅಭ್ಯಾಸಕ್ಕೆ ಕೂತಳು. ಮೊದಲು ಗೆರೆ, ಆಮೇಲೆ ಕಂಬ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ನಾನು ಹಿಂದಿನಿಂದ ಬಗ್ಗಿ ನೋಡಿದೆ. ವರ್ಷಪೂರ್ತಿ ಮಳೆ, ಗೆರೆ ಸಪಾಟು. ಉತ್ತರ ನನ್ನ ನಾಲಗೆಯ ತುದಿಗೆ ಬಂದಿತ್ತು, ಈ ಸಲ ಸರಿಯೂ ಇತ್ತು ಎಂದು ನನ್ನ ನಂಬಿಕೆ.

ಮಗಳು ತಲೆ ಎತ್ತದೆಯೇ ಹಾಳೆಯ ಮೇಲೆ ಅಂಗೈ ಮುಚ್ಚಿದಳು. "ಅಮ್ಮ, ಒಳ್ಗೆ ಕೆಲ್ಸ ಇಲ್ಯಾ?"

ಇತ್ತು. ಬೆಳಗಿನ ಇಡ್ಲಿಗೆ ಉದ್ದು ನೆನೆಹಾಕಿರಲಿಲ್ಲ. ಒಳಗೆ ಹೋಗಿ ಡಬ್ಬಿ ತೆಗೆದು, ಉದ್ದು ಅಳೆದು, ಮೂರು ನೀರಿನಲ್ಲಿ ತೊಳೆದು ನೆನೆಹಾಕಿದೆ.